ಎರಡು ಪಾಸ್‌ಪೋರ್ಟ್ ಇದ್ರೆ ಯಾವ ಕೌಂಟರಲ್ಲಿ ಯಾವ್ದು ತೋರಿಸ್ಬೇಕು

ಪ್ರಶ್ನೆ: "ಮೆಲ್ಬೋರ್ನ್‌ನಿಂದ ಲಂಡನ್, ಅಲ್ಲಿಂದ ಬೆಂಗಳೂರು, ವಾಪಸ್ ಮೆಲ್ಬೋರ್ನ್. ನಂಗೆ ಬ್ರಿಟಿಷ್, ಆಸ್ಟ್ರೇಲಿಯನ್ ಎರಡೂ ಸಿಟಿಜನ್‌ಶಿಪ್ ಇದೆ, ಬ್ರಿಟಿಷ್ ಪಾಸ್‌ಪೋರ್ಟ್ ಎಕ್ಸ್‌ಪೈರ್ ಆಗಿದೆ. ಆಸ್ಟ್ರೇಲಿಯನ್ ಮೇಲೆ ಇಟಿಎ ತಗೊಂಡು ಹೋದ್ರೆ ಸಾಕಲ್ವಾ? ಇಲ್ಲೇ ಹುಟ್ಟಿದ ಮಗನಿಗೆ ಆಸ್ಟ್ರೇಲಿಯನ್ ಮಾತ್ರ ಇದೆ."

ಸಾಕಾಗಲ್ಲ ಅಕ್ಕ. ಇಟಿಎ ಅಂದ್ರೆ ಯುಕೆಗೆ ವೀಸಾ ಇಲ್ದೆ ಹೋಗೋಕೆ ಮೊದ್ಲೇ ತಗೊಳ್ಳೋ ಅನುಮತಿ, ಅದು ಬ್ರಿಟಿಷರಲ್ಲದೋರಿಗೆ ಮಾತ್ರ. 2026 ಫೆಬ್ರವರಿ 25ರಿಂದ ರೂಲ್ಸ್ ಬಿಗಿ ಆಗಿದೆ, ಚೆಕ್-ಇನ್‌ನಲ್ಲೇ ಏರ್‌ಲೈನ್‌ನೋರು ಬ್ರಿಟಿಷ್ ಪಾಸ್‌ಪೋರ್ಟ್ ಅಥವಾ ಯುಕೆಲಿ ಇರೋ ಹಕ್ಕನ್ನ ತೋರಿಸೋ ಸರ್ಟಿಫಿಕೇಟ್ ಆಫ್ ಎಂಟೈಟಲ್‌ಮೆಂಟ್ ಕೇಳ್ತಾರೆ. ಮೊದ್ಲು ರಿನ್ಯೂ ಮಾಡ್ಸಿ, ಟಿಕೆಟ್ ಆಮೇಲೆ.

ಮಗನದ್ದು ಇನ್ನೂ ನೋಡ್ಬೇಕಾದ ವಿಷ್ಯ. ನಿಮಗೆ ಬ್ರಿಟಿಷ್ ಸಿಟಿಜನ್‌ಶಿಪ್ ಯುಕೆಲೇ ಸಿಕ್ಕಿ, ಅದಾದ್ಮೇಲೆ ಮಗ ಹುಟ್ಟಿದ್ರೆ ಅವನು ಹುಟ್ಟಿನಿಂದ್ಲೇ ಬ್ರಿಟಿಷ್, ಪಾಸ್‌ಪೋರ್ಟ್ ತಗೊಂಡಿಲ್ಲ ಅಷ್ಟೇ. ಹಾಗಾಗಿ ಅವನಿಗೂ ಇಟಿಎ ಬರಲ್ಲ, ಇದು ಎಷ್ಟೋ ಅಪ್ಪ ಅಮ್ಮಂದಿರಿಗೆ ಗೊತ್ತೇ ಇರಲ್ಲ. ಮೊದಲ ಪಾಸ್‌ಪೋರ್ಟ್‌ಗೆ ಜನನ ಪತ್ರ, ನಿಮ್ಮ ನ್ಯಾಚುರಲೈಸೇಶನ್ ಸರ್ಟಿಫಿಕೇಟ್ ಎಲ್ಲಾ ಕೊಡ್ಬೇಕು, ರಿನ್ಯೂವಲ್‌ಗಿಂತ ಜಾಸ್ತಿ ಟೈಮ್ ಹಿಡಿಯತ್ತೆ.

ಮೇಲೆ ಒಬ್ರು ಅಣ್ಣ "ಹೋಗೋ ದೇಶದ ಪಾಸ್‌ಪೋರ್ಟ್ ತೋರ್ಸಿದ್ರೆ ಮುಗೀತು" ಅಂದಿದಾರೆ, ಅರ್ಧ ಸರಿ. ಏರ್‌ಲೈನ್ ಕೌಂಟರ್ ಬೇರೆ, ಇಮಿಗ್ರೇಶನ್ ಬೇರೆ. ಏರ್‌ಲೈನ್‌ನೋರು ನೋಡೋದು ಮುಂದಿನ ದೇಶ ನಿಮ್ಮನ್ನ ಒಳಗೆ ಬಿಡತ್ತಾ ಅಂತ, ಆದ್ರಿಂದ ಮೆಲ್ಬೋರ್ನ್ ಚೆಕ್-ಇನ್‌ನಲ್ಲಿ ಬ್ರಿಟಿಷ್ ಕೊಡಿ, ಮುಂದೆ ಸ್ಮಾರ್ಟ್‌ಗೇಟ್ ಅನ್ನೋ ಆಟೋಮ್ಯಾಟಿಕ್ ಇಮಿಗ್ರೇಶನ್ ಗೇಟಲ್ಲಿ ಆಸ್ಟ್ರೇಲಿಯನ್ ಇಡಿ. ಲಂಡನ್‌ನಲ್ಲಿ ಇಳಿದಾಗ ಬ್ರಿಟಿಷ್. ಅಲ್ಲಿಂದ ಹೊರಡೋವಾಗ ಇಮಿಗ್ರೇಶನ್ ಕೌಂಟರೇ ಇರಲ್ಲ, ಏರ್‌ಲೈನ್‌ಗೆ ಕೊಡೋ ಡೀಟೇಲ್ಸೇ ಲೆಕ್ಕ, ಅಲ್ಲಿ ಓಸಿಐ, ಅಂದ್ರೆ ಇಂಡಿಯಾಗೆ ವೀಸಾ ಇಲ್ದೆ ಬರೋಕೆ ಭಾರತೀಯ ಮೂಲದೋರಿಗೆ ಕೊಡೋ ಕಾರ್ಡ್, ಅದರ ಜೊತೆ ಲಿಂಕ್ ಆಗಿರೋ ಪಾಸ್‌ಪೋರ್ಟ್ ನಂಬರ್ ಹಾಕಿ.

ನಿಮ್ಮ ಓಸಿಐ ಯುಕೆಲಿ ಮಾಡ್ಸಿದ್ದಾದ್ರೆ ಅದು ಬ್ರಿಟಿಷ್ ಪಾಸ್‌ಪೋರ್ಟ್ ಮೇಲೆ ಇರತ್ತೆ, ರಿನ್ಯೂ ಆದ್ಮೇಲೆ ಹೊಸ ಪಾಸ್‌ಪೋರ್ಟ್ ಕಾಪಿ, ಫೋಟೋ ಓಸಿಐ ವೆಬ್‌ಸೈಟಲ್ಲಿ ಅಪ್‌ಲೋಡ್ ಮಾಡಿ. ಬೆಂಗಳೂರಲ್ಲಿ ಯಾವುದರಲ್ಲಿ ಒಳಗೆ ಹೋದ್ರೋ ಅದ್ರಲ್ಲೇ ಹೊರಗೆ ಬರ್ಬೇಕು. ಜನ ಎಡವೋದು ಇಲ್ಲೇ, ವಾಪಸ್ ಬರೋವಾಗ ಅವಸರದಲ್ಲಿ ಇಮಿಗ್ರೇಶನ್‌ಗೂ ಆಸ್ಟ್ರೇಲಿಯನ್ ಕೊಡ್ತಾರೆ, ಆ ನಂಬರ್‌ಗೆ ಎಂಟ್ರಿ ರೆಕಾರ್ಡೇ ಇರಲ್ಲ, ಪಕ್ಕಕ್ಕೆ ನಿಲ್ಲಿಸ್ತಾರೆ. ಆಸ್ಟ್ರೇಲಿಯನ್ ಪಾಸ್‌ಪೋರ್ಟ್ ಏರ್‌ಲೈನ್ ಕೌಂಟರ್‌ಗೆ ಮಾತ್ರ. ಇಮಿಗ್ರೇಶನ್ ಆಫೀಸರ್ "ಆಸ್ಟ್ರೇಲಿಯಾ ವೀಸಾ ಎಲ್ಲಿ" ಅಂತ ಕೇಳಿದ್ರೆ ಆಗ ತೆಗ್ದು ತೋರ್ಸಿ, ಮುಚ್ಚಿಡೋದೇನಿಲ್ಲ.

ಇನ್ನೊಬ್ರು ಸರ್ "ನನ್ನ ಹತ್ರ ಇಂಡಿಯನ್ ಪಾಸ್‌ಪೋರ್ಟ್ ಇನ್ನೂ ವ್ಯಾಲಿಡ್ ಇದೆ, ಓಸಿಐ ಯಾಕೆ" ಅಂದ್ರಲ್ಲ, ಬೇಡ ಸರ್, ಬಳಸ್ಬೇಡಿ. ಬೇರೆ ದೇಶದ ಸಿಟಿಜನ್‌ಶಿಪ್ ತಗೊಂಡ ದಿನವೇ ಇಂಡಿಯನ್ ಸಿಟಿಜನ್‌ಶಿಪ್ ಹೋಯ್ತು, ಆ ಪಾಸ್‌ಪೋರ್ಟ್ ಸರೆಂಡರ್ ಮಾಡ್ಲೇಬೇಕು. ಓಸಿಐ ಅಂದ್ರೆ ಡ್ಯುಯಲ್ ಸಿಟಿಜನ್‌ಶಿಪ್ ಅಲ್ಲ.

ಅಕ್ಕ, ಎರಡು ಪಾಸ್‌ಪೋರ್ಟಲ್ಲೂ ಹೆಸರು ಒಂದೇ ಥರ ಇದೆಯಾ? ನಮ್ಮ ಕಡೆ ಇನಿಷಿಯಲ್ ಒಂದರಲ್ಲಿ ಬಿಡಿಸಿ ಬರೆದಿರ್ತಾರೆ, ಇನ್ನೊಂದರಲ್ಲಿ ಗಂಡನ ಹೆಸರು ಸೇರಿರತ್ತೆ. ಮಗನಿಗೆ ಓಸಿಐ ಇದ್ರೆ ಅದು ಯಾವ ಪಾಸ್‌ಪೋರ್ಟ್ ಮೇಲಿದೆ ಅಂತಾನೂ ಹೇಳಿ.