ಅಪ್ಪನ ಖಾತೆ ಮುಚ್ಚಲು ಬ್ಯಾಂಕಿಗೆ ಪತ್ರ: ಅಜ್ಜಿಯ ಹೆಸರು ಬಿಡಬೇಡಿ

ಪ್ರಶ್ನೆ: ಅಪ್ಪ ತೀರಿಕೊಂಡು ಎರಡು ತಿಂಗಳಾಯ್ತು. ಅವರ ಉಳಿತಾಯ ಖಾತೆಯಲ್ಲಿ 2 ಲಕ್ಷದಷ್ಟು ಇದೆ, ನಾಮಿನಿ ಹಾಕಿಲ್ಲ. ಮನೇಲಿ ಅಮ್ಮ, ನಾನು, ಮದುವೆಯಾದ ತಂಗಿ. ಹಣ ಅಮ್ಮನಿಗೆ ಕೊಟ್ಟು ಖಾತೆ ಮುಚ್ಚಿ ಅಂತ ಬ್ಯಾಂಕಿಗೆ ಪತ್ರ ಹೇಗೆ ಬರೆಯೋದು? ಜೊತೆಗೆ ಏನೇನು ಕೊಡಬೇಕು?

ಮೊದಲು ನನಗೊಂದು ವಿಷಯ ಹೇಳಿ, ನಿಮ್ಮ ಅಪ್ಪನ ತಾಯಿ ಇದ್ದಾರಾ?

ಇದನ್ನೇ ಯಾಕೆ ಮೊದಲು ಕೇಳ್ತಿದ್ದೇನೆ ಅಂದರೆ, 2023ರಲ್ಲಿ ನಮ್ಮ ತಂದೆ ಹೋದಾಗ ನಾನು ಬರೆದ ಪತ್ರ ವಾಪಸ್ ಬಂದಿದ್ದು ಇದೊಂದೇ ಕಾರಣಕ್ಕೆ. ಅಮ್ಮ, ನಾನು, ಅಕ್ಕ ಅಂತ ಮೂರು ಹೆಸರು ಬರೆದು ಕೊಟ್ಟಿದ್ದೆ. ಅಜ್ಜಿ ಊರಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದರು, ಅವರ ನೆನಪೇ ಬಂದಿರಲಿಲ್ಲ. ಶಾಖೆಯ ಅಧಿಕಾರಿ ವಂಶವೃಕ್ಷ ನೋಡಿ, "ಇವರ ತಾಯಿ ಇದ್ದಾರಲ್ಲ, ಅವರ ಸಹಿ ಎಲ್ಲಿ?" ಅಂದರು. ಅವರು ಹೇಳಿದ್ದು ಸರಿಯೇ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ಗಂಡಸು ತೀರಿಕೊಂಡರೆ ಅವನ ಹೆಂಡತಿ, ಮಕ್ಕಳ ಜೊತೆಗೆ ಅವನ ತಾಯಿಗೂ ಸಮಪಾಲು ಇದೆ. ಮಗಳಿಗೆ ಮದುವೆ ಆಗಿದೆಯೋ ಇಲ್ಲವೋ ಅನ್ನೋದು ಲೆಕ್ಕಕ್ಕೇ ಇಲ್ಲ. ಅಂದರೆ ನಿಮ್ಮ ಮನೆಯಲ್ಲಿ ಅಜ್ಜಿಯೂ ಇದ್ದರೆ 2 ಲಕ್ಷದಲ್ಲಿ ನಾಲ್ವರಿಗೂ ತಲಾ 50 ಸಾವಿರ. ತಾಯಿಯ ಖಾತೆಯಾದರೆ ಲೆಕ್ಕ ಬೇರೆ. ಅಲ್ಲಿ ಗಂಡ, ಮಕ್ಕಳು ಮೊದಲು ಬರುತ್ತಾರೆ, ಅವರ ಅಮ್ಮ ಆ ಸಾಲಿನಲ್ಲಿ ಬರೋದಿಲ್ಲ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಪಾಲಿನ ನಿಯಮವೇ ಬೇರೆ, ಹಾಗಾಗಿ ನಾನು ಹೇಳಿದ ಲೆಕ್ಕವನ್ನು ಅವರು ಹಿಡಿಯಬಾರದು.

ಹಣವೆಲ್ಲ ಅಮ್ಮನಿಗೇ ಹೋಗಲಿ ಅಂತ ನೀವೆಲ್ಲ ಒಪ್ಪಿದ್ದೀರಿ, ಒಳ್ಳೆಯದೇ. ಆದರೆ ಆ ಒಪ್ಪಿಗೆ ಕಾಗದದ ಮೇಲೆ ಬರಬೇಕು. ಹಣ ಕೇಳುವವರು ಅಮ್ಮ. ನೀವು, ತಂಗಿ, ಅಜ್ಜಿ ಮೂವರೂ "ಈ ಹಣದಲ್ಲಿ ನಮ್ಮ ಪಾಲು ಬಿಟ್ಟಿದ್ದೇವೆ, ಅಮ್ಮನಿಗೆ ಕೊಡಲು ನಮ್ಮ ಅಭ್ಯಂತರ ಇಲ್ಲ" ಅಂತ ಎನ್‌ಒಸಿ ಕೊಡುವವರು. ಬ್ಯಾಂಕಿಗೆ ಬರೆಯುವ ಪತ್ರದಲ್ಲಿ ಇದು ಮೊದಲ ಓದಿಗೇ ಗೊತ್ತಾಗಬೇಕು. ಸುಮ್ನೆ "ಖಾತೆ ಮುಚ್ಚಿ ಹಣ ಕೊಡಿ" ಅಂತ ಬರೆದರೆ ಯಾರಿಗೆ, ಯಾವ ಹಕ್ಕಿನ ಮೇಲೆ ಅನ್ನೋ ಪ್ರಶ್ನೆಗೆ ಮತ್ತೆ ಮತ್ತೆ ಓಡಾಡಬೇಕಾಗುತ್ತದೆ.

ಪತ್ರ ಬರೆಯುವ ಮುಂಚೆ ಪಾಸ್‌ಬುಕ್ ಪೂರ್ತಿ ಎಂಟ್ರಿ ಮಾಡಿಸಿ, ಕೂತು ಓದಿ. ಅಲ್ಲಿ ಮೂರು ಸಂಗತಿ ಹುಡುಕಿ. ಒಂದು, ವರ್ಷಕ್ಕೊಮ್ಮೆ 436 ರೂಪಾಯಿ ಕಟ್ ಆಗಿದೆಯಾ ಅಂತ. ಆಗಿದ್ದರೆ ಅದು ಪ್ರಧಾನ ಮಂತ್ರಿ ಜೀವನ್ ಜ್ಯೋತಿ ವಿಮೆಯ ಕಂತು, ಅದರಿಂದ 2 ಲಕ್ಷ ಬರುತ್ತದೆ. ಈ ವಿಮೆ 55 ವರ್ಷದವರೆಗೆ ಮಾತ್ರ, ಹಾಗಾಗಿ ಅಪ್ಪನ ವಯಸ್ಸು ನೋಡಿಕೊಳ್ಳಿ. 20 ರೂಪಾಯಿ ಕಟ್ ಆಗಿದ್ದರೆ ಅದು ಅಪಘಾತ ವಿಮೆ. ಇವೆರಡಕ್ಕೂ ಕ್ಲೇಮ್ ಅರ್ಜಿ ಬೇರೆ, ಖಾತೆ ಮುಚ್ಚುವ ಪತ್ರಕ್ಕೆ ಸೇರಿಸಬೇಡಿ, ಆದರೆ ಮೊದಲು ಅದನ್ನೇ ಕೊಡಿ, ತಡ ಮಾಡಬೇಡಿ. ಎರಡನೆಯದು, ಈ ಉಳಿತಾಯ ಖಾತೆಯದ್ದೇ ಬಡ್ಡಿ ಬಿಟ್ಟು ಬೇರೆ ಬಡ್ಡಿ ಅಂತ ಸಣ್ಣ ಮೊತ್ತ ಆಗಾಗ ಜಮೆ ಆಗ್ತಿದ್ದರೆ ಎಲ್ಲೋ ಎಫ್‌ಡಿ ಇರಬಹುದು. ನಮ್ಮ ತಂದೆಯದ್ದು ಹಾಗೆಯೇ ಸಿಕ್ಕಿತು, 1 ಲಕ್ಷದ ಎಫ್‌ಡಿ, ರಸೀದಿ ಮನೆಯಲ್ಲಿ ಎಲ್ಲೂ ಇರಲಿಲ್ಲ. ಅದಕ್ಕೇ ಪತ್ರದಲ್ಲಿ ಒಂದು ಖಾತೆ ನಂಬರ್ ಮಾತ್ರ ಬರೆಯದೆ, ಅವರ ಕಸ್ಟಮರ್ ಐಡಿಯಲ್ಲಿ ಇರುವ ಎಲ್ಲ ಖಾತೆ, ಎಫ್‌ಡಿ, ಲಾಕರ್, ಸಾಲದ ವಿವರ ಕೊಡಿ ಅಂತ ಕೇಳಿ. ಮೂರು, ತೀರಿಕೊಂಡ ದಿನದ ನಂತರ ಪಿಂಚಣಿ ಜಮೆ ಆಗಿದೆಯಾ ನೋಡಿ. ಆಗಿದ್ದರೆ ಅದರಲ್ಲಿ ಸಾವಿನ ನಂತರದ ದಿನಗಳದ್ದು ವಾಪಸ್ ಹೋಗುವ ಹಣ, ಅದನ್ನು ನಿಮ್ಮ ಲೆಕ್ಕಕ್ಕೆ ಸೇರಿಸಬೇಡಿ. ಅಮ್ಮನ ಕುಟುಂಬ ಪಿಂಚಣಿಗೆ ಬೇರೆ ಅರ್ಜಿ ಇದೆ.

ಇನ್ನೊಂದು ಮಾತು. ಅಪ್ಪನ ಎಟಿಎಂ ಪಿನ್ ಗೊತ್ತಿದೆ, ಫೋನ್ ಕೈಯಲ್ಲೇ ಇದೆ ಅಂತ ಹಣ ತೆಗೆಯಬೇಡಿ. ತಿಥಿ ಖರ್ಚಿಗೆ ಅಂತ ಎಷ್ಟೋ ಜನ ತೆಗೆದುಬಿಡ್ತಾರೆ, ಆ ಕಷ್ಟ ನನಗೂ ಅರ್ಥ ಆಗುತ್ತದೆ. ಆದರೆ ಸತ್ತವರ ಖಾತೆಯಿಂದ ಅವರ ಕಾರ್ಡಿನಲ್ಲಿ ತೆಗೆಯುವ ಅಧಿಕಾರ ಮನೆಯವರಿಗೂ ಇಲ್ಲ. ನಾಳೆ ಉಳಿದ ವಾರಸುದಾರರಲ್ಲಿ ಒಬ್ಬರು ಆಕ್ಷೇಪ ಎತ್ತಿದರೆ ತೆಗೆದವರೇ ಉತ್ತರ ಹೇಳಬೇಕು.

ಈಗ ಕಾಗದಗಳ ವಿಷಯ. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಇದಕ್ಕೆ ಹೊಸ ನಿರ್ದೇಶನ ಹೊರಡಿಸಿತು, ಬ್ಯಾಂಕುಗಳು 2026ರ ಮಾರ್ಚ್ 31ರೊಳಗೆ ಜಾರಿ ಮಾಡಬೇಕು ಅಂತ ಹೇಳಿತು. ನಾಮಿನಿ ಇಲ್ಲದ, ಉಯಿಲು ಇಲ್ಲದ, ಜಗಳವೂ ಇಲ್ಲದ ಖಾತೆಗಳಿಗೆ ಒಂದು ಮಿತಿಯವರೆಗೆ ಸರಳ ವಿಧಾನ ಇದೆ. ವಾಣಿಜ್ಯ ಬ್ಯಾಂಕಿನಲ್ಲಿ ಆ ಮಿತಿ ಕಡಿಮೆ ಅಂದರೂ 15 ಲಕ್ಷ, ಸಹಕಾರಿ ಬ್ಯಾಂಕಿನಲ್ಲಿ 5 ಲಕ್ಷ. ನಿಮ್ಮದು 2 ಲಕ್ಷ, ಎಫ್‌ಡಿ ಸಿಕ್ಕಿ ಇನ್ನಷ್ಟು ಸೇರಿದರೂ ಬಹುಶಃ ಇದರೊಳಗೇ ಇರುತ್ತದೆ. ಹಾಗಾಗಿ ಕೋರ್ಟಿನ ಸಕ್ಸೆಷನ್ ಸರ್ಟಿಫಿಕೇಟ್ ಬೇಕಿಲ್ಲ. ಮೂರನೆಯವರ ಜಾಮೀನೂ ಕೇಳುವಂತಿಲ್ಲ. ನಮ್ಮ ಕಾಲದಲ್ಲಿ ಆಸ್ತಿ ಇರುವ ಇಬ್ಬರು ಜಾಮೀನುದಾರರನ್ನು ತನ್ನಿ ಅಂದಿದ್ದರು, ಅಪ್ಪ ಹೋದ ದುಃಖದಲ್ಲಿ ಊರಿಡೀ ಪಹಣಿ ಕೇಳಿಕೊಂಡು ತಿರುಗಿದ್ದು ನೆನಪಾದರೆ ಈಗಲೂ ಸಂಕಟ ಆಗುತ್ತದೆ. ನಿಮಗೆ ಅದು ಬೇಡ. ಕೇಳಿದರೆ ಈ ನಿರ್ದೇಶನದ ಮಾತು ಎತ್ತಿ, ಮರ್ಯಾದೆಯಿಂದಲೇ ಹೇಳಿ.

ವಾರಸುದಾರರು ಯಾರು ಅನ್ನೋದಕ್ಕೆ ನಾಡಕಚೇರಿಯಿಂದ ಸಿಗುವ ವಂಶವೃಕ್ಷ ದೃಢೀಕರಣ ಕೊಡಬಹುದು. ಅದು ತಡವಾದರೆ, ನಿಮ್ಮ ಕುಟುಂಬವನ್ನು ಚೆನ್ನಾಗಿ ಬಲ್ಲ ಆದರೆ ಸಂಬಂಧಿಕರಲ್ಲದ, ಬ್ಯಾಂಕ್ ಒಪ್ಪುವ ಒಬ್ಬರಿಂದ ಘೋಷಣೆ ಕೊಡಿಸುವ ದಾರಿಯೂ ಸರಳ ವಿಧಾನದಲ್ಲಿದೆ. ಅಪ್ಪನ ಜೊತೆ ಕೆಲಸ ಮಾಡಿದವರೋ, ಪಕ್ಕದ ಮನೆಯ ಮೇಷ್ಟ್ರೋ ಆಗಬಹುದು. ಚಿಕ್ಕಪ್ಪ, ಮಾವ ಆಗೋದಿಲ್ಲ.

ಪತ್ರ ಹೀಗೆ ಬರೆಯಿರಿ. ಅಮ್ಮನ ಹೆಸರಿನಲ್ಲೇ ಇರಲಿ, ಸಹಿಯೂ ಅವರದ್ದೇ.

ಇವರಿಗೆ,
ಶಾಖಾ ವ್ಯವಸ್ಥಾಪಕರು, (ಬ್ಯಾಂಕ್ ಮತ್ತು ಶಾಖೆಯ ಹೆಸರು)

ವಿಷಯ: ಮೃತ ಖಾತೆದಾರರಾದ ನನ್ನ ಪತಿಯ ಖಾತೆಯ ಹಣ ಇತ್ಯರ್ಥ ಮಾಡಿ ಖಾತೆ ಮುಚ್ಚುವ ಬಗ್ಗೆ

ಮಾನ್ಯರೇ,

ನನ್ನ ಪತಿ ಶ್ರೀ ______ ಅವರು ದಿನಾಂಕ ______ ರಂದು ______ ಊರಿನಲ್ಲಿ ತೀರಿಕೊಂಡರು. ಅವರ ಉಳಿತಾಯ ಖಾತೆ ಸಂಖ್ಯೆ ______, ಕಸ್ಟಮರ್ ಐಡಿ ______ ನಿಮ್ಮ ಶಾಖೆಯಲ್ಲಿದೆ. ಈ ಖಾತೆಗೆ ನಾಮಿನಿ ಇಲ್ಲ. ಅವರು ಉಯಿಲು ಬರೆದಿಲ್ಲ. ಈ ಹಣದ ಬಗ್ಗೆ ನಮ್ಮಲ್ಲಿ ಯಾವುದೇ ತಕರಾರು ಇಲ್ಲ, ಕೋರ್ಟಿನಲ್ಲಿ ಕೇಸೂ ಇಲ್ಲ.

ಅವರ ವಾರಸುದಾರರು ನಾವು ನಾಲ್ವರು: ಪತ್ನಿಯಾದ ನಾನು ______, ಮಗ ______, ಮಗಳು ______, ತಾಯಿ ______. ಉಳಿದ ಮೂವರೂ ತಮ್ಮ ಪಾಲು ಬಿಟ್ಟು, ಪೂರ್ತಿ ಹಣ ನನಗೆ ಕೊಡಲು ಒಪ್ಪಿದ್ದಾರೆ.

ಅವರ ಹೆಸರಿನಲ್ಲಿ ಇರುವ ಎಲ್ಲ ಖಾತೆ, ಎಫ್‌ಡಿ, ಲಾಕರ್ ಮತ್ತು ಸಾಲದ ವಿವರ ಲಿಖಿತವಾಗಿ ಕೊಡಬೇಕು. ಎಟಿಎಂ ಕಾರ್ಡ್, ಚೆಕ್‌ಬುಕ್, ಮೊಬೈಲ್ ಬ್ಯಾಂಕಿಂಗ್ ಈ ದಿನವೇ ನಿಲ್ಲಿಸಬೇಕು. ಪಾವತಿಯ ದಿನದವರೆಗಿನ ಬಡ್ಡಿ ಸೇರಿಸಿ ಹಣವನ್ನು ನನ್ನ ಖಾತೆ ಸಂಖ್ಯೆ ______, ಐಎಫ್‌ಎಸ್‌ಸಿ ______ ಇದಕ್ಕೆ ಜಮೆ ಮಾಡಿ, ಅವರ ಖಾತೆ ಮುಚ್ಚಬೇಕೆಂದು ಕೋರುತ್ತೇನೆ.

ಲಗತ್ತಿಸಿದ ದಾಖಲೆಗಳು:
1. ಭರ್ತಿ ಮಾಡಿದ ಕ್ಲೇಮ್ ಫಾರಂ
2. ಮರಣ ಪ್ರಮಾಣ ಪತ್ರದ ಪ್ರತಿ (ಮೂಲ ತೋರಿಸಲಾಗಿದೆ)
3. ವಂಶವೃಕ್ಷ ದೃಢೀಕರಣ
4. ನನ್ನ ಗುರುತು ಮತ್ತು ವಿಳಾಸದ ದಾಖಲೆ
5. ಮಗ, ಮಗಳು, ತಾಯಿ ಸಹಿ ಮಾಡಿದ ಎನ್‌ಒಸಿ, ಅವರ ಗುರುತಿನ ಪ್ರತಿಗಳು
6. ನಾನು ಸಹಿ ಮಾಡಿದ ಇಂಡೆಮ್ನಿಟಿ ಬಾಂಡ್
7. ಪಾಸ್‌ಬುಕ್, ಉಳಿದ ಚೆಕ್ ಹಾಳೆಗಳು, ಎಟಿಎಂ ಕಾರ್ಡ್
8. ನನ್ನ ಖಾತೆಯ ರದ್ದು ಮಾಡಿದ ಚೆಕ್

ಸಹಿ, ಹೆಸರು, ವಿಳಾಸ, ಫೋನ್, ದಿನಾಂಕ

ಕ್ಲೇಮ್ ಫಾರಂ, ಎನ್‌ಒಸಿ, ಇಂಡೆಮ್ನಿಟಿ ಬಾಂಡ್ ಈ ಮೂರಕ್ಕೂ ಬ್ಯಾಂಕಿನದ್ದೇ ನಮೂನೆ ಇರುತ್ತದೆ, ನೀವೇ ಬರೆದುಕೊಂಡು ಹೋಗಬೇಡಿ. ಬಾಂಡಿಗೆ ಎಷ್ಟು ಬೆಲೆಯ ಸ್ಟ್ಯಾಂಪ್ ಪೇಪರ್ ಬೇಕು ಅಂತ ಅಲ್ಲೇ ಕೇಳಿ. ಬಾಂಡ್ ಅಂದರೆ ಹೆದರಬೇಕಿಲ್ಲ. ನಾಳೆ ಬೇರೆ ಯಾರಾದರೂ ಹಕ್ಕುದಾರರು ಬಂದು ಬ್ಯಾಂಕಿಗೆ ನಷ್ಟ ಆದರೆ ಆ ಹಣ ನಾನು ತುಂಬಿಕೊಡ್ತೇನೆ ಅಂತ ಅಮ್ಮ ಕೊಡುವ ಮಾತು ಅದು. ಅಜ್ಜಿಯಂಥವರ ಹೆಸರು ಬಿಡಬಾರದು ಅಂತ ನಾನು ಇಷ್ಟು ಹೇಳೋದು ಅದಕ್ಕೇ, ಬಿಟ್ಟರೆ ಈ ಬಾಂಡಿನ ಹೊಣೆ ಅಮ್ಮನ ತಲೆಗೇ ಬರುತ್ತದೆ.

ತುಂಬಾ ಜನರಿಗೆ ತೊಂದರೆ ಕೊಡೋದು ಹೆಸರಿನ ವ್ಯತ್ಯಾಸ. ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಮಾತ್ರ ಇರುತ್ತದೆ, ಮರಣ ಪ್ರಮಾಣ ಪತ್ರದಲ್ಲಿ ಅದೇ ಬಿಡಿಸಿ ಬರೆದಿರುತ್ತಾರೆ, ಆಧಾರ್‌ನಲ್ಲಿ ಕೊನೆಗೆ ಗೌಡ ಅಂತಲೋ ಅಪ್ಪ ಅಂತಲೋ ಸೇರಿರುತ್ತದೆ. ನಾಡಕಚೇರಿಗೆ ಹೋಗುವ ಮುಂಚೆಯೇ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಸಣ್ಣ ವ್ಯತ್ಯಾಸ ಇದ್ದರೆ ಎರಡೂ ಹೆಸರು ಒಬ್ಬರದ್ದೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ ಒಂಬತ್ತನೇ ಲಗತ್ತಾಗಿ ಸೇರಿಸಿ. ಮರಣ ಪ್ರಮಾಣ ಪತ್ರದಲ್ಲೇ ಹೆಸರು ತಪ್ಪಾಗಿದ್ದರೆ ಅದನ್ನು ತಿದ್ದಿಸೋದೇ ಒಳ್ಳೆಯದು, ಯಾಕಂದರೆ ಜಮೀನು, ವಿಮೆ ಎಲ್ಲದಕ್ಕೂ ಅದೇ ಬೇಕು.

ಅಜ್ಜಿ ಹೆಬ್ಬೆಟ್ಟು ಒತ್ತುವವರಾದರೆ ಮನೆಯಲ್ಲೇ ಒತ್ತಿಸಿಕೊಂಡು ಹೋಗಬೇಡಿ. ನಮಗೆ ಅಧಿಕಾರಿಯ ಎದುರೇ ಆಗಬೇಕು ಅಂದರು, ಮತ್ತೆ ಆಟೋ ಮಾಡಿ ಅವರನ್ನು ಕರೆದುಕೊಂಡು ಹೋದೆವು. ಓಡಾಡಲು ಆಗದವರಾದರೆ ಏನು ಮಾಡಬೇಕು ಅಂತ ಮೊದಲೇ ಕೇಳಿಕೊಳ್ಳಿ. ತಂಗಿ ಹೊರದೇಶದಲ್ಲಿದ್ದರೆ ಎನ್‌ಒಸಿಯನ್ನು ಅಲ್ಲಿನ ನೋಟರಿ ಮುಂದೆಯೋ ಭಾರತೀಯ ದೂತಾವಾಸದಲ್ಲೋ ಸಹಿ ಮಾಡಿಸಬೇಕಾಗಬಹುದು, ಯಾವುದು ನಡೆಯುತ್ತದೆ ಅಂತ ಬ್ಯಾಂಕನ್ನೇ ಕೇಳಿ, ಆಮೇಲೆ ಅವಳಿಗೆ ಕಳಿಸಿ.

ಪತ್ರ ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಕು, ಸಹಿ ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಏಳಬೇಡಿ. ಎಲ್ಲ ದಾಖಲೆ ತಲುಪಿದ ದಿನದಿಂದ 15 ದಿನದಲ್ಲಿ ಬ್ಯಾಂಕ್ ಇತ್ಯರ್ಥ ಮಾಡಬೇಕು. ಅವರಿಂದಲೇ ತಡವಾದರೆ ಆ ದಿನಗಳಿಗೆ, ರಿಸರ್ವ್ ಬ್ಯಾಂಕ್ ನಿಗದಿ ಮಾಡುವ ಬ್ಯಾಂಕ್ ರೇಟಿನ ಮೇಲೆ ಶೇಕಡಾ 4 ಸೇರಿಸಿ ಬಡ್ಡಿ ಕೊಡಬೇಕು. ಆದರೆ ಆ 15 ದಿನ ಯಾವತ್ತಿಂದ ಶುರು ಅಂತ ತೋರಿಸಲು ನಿಮ್ಮ ಕೈಯಲ್ಲಿ ಇರೋದು ಆ ಸೀಲು ಮಾತ್ರ. ಪತ್ರದಲ್ಲಿ ಲಗತ್ತುಗಳ ಪಟ್ಟಿಗೆ ನಂಬರ್ ಹಾಕಿದ್ದೂ ಇದಕ್ಕೇ, ಆಮೇಲೆ "ಅದು ಕೊಟ್ಟಿಲ್ಲ" ಅನ್ನೋ ಮಾತು ಬರೋದಿಲ್ಲ. ಏನಾದರೂ ಕಮ್ಮಿ ಇದ್ದರೆ ಬಾಯಿಮಾತಲ್ಲಿ ಬೇಡ, ಬರೆದು ಕೊಡಿ ಅನ್ನಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಹಾಕಬಹುದು, ಅದಕ್ಕೆ ಖರ್ಚಿಲ್ಲ.

ಎಫ್‌ಡಿ ಸಿಕ್ಕಿ ಅವಧಿ ಮುಗಿದಿರದಿದ್ದರೂ, ಠೇವಣಿದಾರ ತೀರಿಕೊಂಡ ಕಾರಣಕ್ಕೆ ಮುಂಚೆಯೇ ಮುರಿದರೆ ದಂಡ ಹಿಡಿಯುವಂತಿಲ್ಲ, ಅದನ್ನೂ ನೋಡಿಕೊಳ್ಳಿ. ಹಣ ಅಮ್ಮನ ಖಾತೆಗೆ ಬಂದ ಮೇಲೆ ಅಪ್ಪನ ಖಾತೆ ಮುಚ್ಚಿದ ದಿನದವರೆಗಿನ ಸ್ಟೇಟ್‌ಮೆಂಟ್ ಒಂದು ಪ್ರಿಂಟ್ ಕೇಳಿ ಪಡೆಯಿರಿ. ಅಪ್ಪನ ಹೆಸರಿನಲ್ಲಿ ಕೊನೆಯ ವರ್ಷದ ಆದಾಯ ತೆರಿಗೆ ರಿಟರ್ನ್ ಸಲ್ಲಿಸಬೇಕಿದ್ದರೆ ಬಡ್ಡಿಯ ಲೆಕ್ಕ ಅದರಲ್ಲೇ ಸಿಗುತ್ತದೆ.

ಅಜ್ಜಿ ಇದ್ದಾರೋ ಇಲ್ಲವೋ, ಬ್ಯಾಂಕ್ ವಾಣಿಜ್ಯ ಬ್ಯಾಂಕೋ ಸಹಕಾರಿಯೋ, ಇವೆರಡು ಕಾಮೆಂಟಿನಲ್ಲಿ ತಿಳಿಸಿ. ಅಜ್ಜಿ ಇಲ್ಲದಿದ್ದರೆ ಪತ್ರದಲ್ಲಿ ತಾಯಿಯ ಹೆಸರು ತೆಗೆದು, ನಾಲ್ವರು ಅಂತ ಇರೋದನ್ನು ಮೂವರು, ಉಳಿದ ಮೂವರು ಅಂತ ಇರೋದನ್ನು ಇಬ್ಬರು ಮಾಡಿ, ಅಜ್ಜಿಯ ಮರಣ ಪ್ರಮಾಣ ಪತ್ರ ಇದ್ದರೆ ಅದರ ಪ್ರತಿಯನ್ನೂ ಜೊತೆಗಿಟ್ಟುಕೊಂಡು ಹೋಗಿ.