ರಾತ್ರಿ ಪ್ಯಾಕಪ್, ಬೆಳಗಿನ ಕಾಲ್: ನಡುವಿನ ವಿರಾಮವನ್ನು ಎಲ್ಲಿಂದ ಎಣಿಸಬೇಕು?

ಪ್ರಶ್ನೆ: ನಮ್ಮದು ಸಣ್ಣ ಬಜೆಟ್ಟಿನ ಸಿನಿಮಾ, ಡಿಸೆಂಬರ್ ಕೊನೆಯ ವಾರದಲ್ಲಿ ಶೂಟಿಂಗ್. ಯೂನಿಟ್ ಹುಬ್ಬಳ್ಳಿಯ ಲಾಡ್ಜಿನಲ್ಲಿ ಉಳಿಯುತ್ತದೆ, ಲೊಕೇಶನ್ ಲಕ್ಕುಂಡಿ ಹತ್ತಿರದ ಹೊಲ. ಒಂದು ದಿನ ರಾತ್ರಿ 10ಕ್ಕೆ ಪ್ಯಾಕಪ್, ಮರುದಿನ ಸೂರ್ಯೋದಯದ ಶಾಟ್. ಕಾಲ್ ಎಷ್ಟು ಗಂಟೆಗೆ ಕೊಡಲಿ?

ಉತ್ತರ: ಅದೇ ಯೂನಿಟ್ಟಿಗೆ ಆ ಸೂರ್ಯೋದಯದ ಕಾಲ್ ಕೊಡಬೇಡಿ. ಸಹ ನಿರ್ದೇಶಕನಾಗಿ ಈ ಭಾಗದಲ್ಲಿ ಶೆಡ್ಯೂಲ್ ಹಾಕುವವನು ನಾನು, ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ.

ನಿರ್ದೇಶಕರು ಪ್ಯಾಕಪ್ ಎಂದ ಕೂಡಲೇ ಕೆಲಸ ಮುಗಿಯುವುದಿಲ್ಲ. ಲೈಟುಗಳು ತಣ್ಣಗಾಗಬೇಕು, ಕೇಬಲ್ ಸುತ್ತಬೇಕು, ಟ್ರ್ಯಾಕ್ ಬಿಚ್ಚಿ ಗಾಡಿಗೆ ಏರಿಸಬೇಕು; ಚುರುಕಾದ ತಂಡಕ್ಕೂ ಇದಕ್ಕೆ ಒಂದು ಗಂಟೆ ಹಿಡಿಯುತ್ತದೆ. ಅಂದರೆ ಕೊನೆಯ ಗಾಡಿ ಹೊರಡುವುದು 11ಕ್ಕೆ. ಗದಗ, ಅಣ್ಣಿಗೇರಿ ದಾಟಿ ಹುಬ್ಬಳ್ಳಿ ಮುಟ್ಟಲು ಸುಮಾರು 70 ಕಿಲೋಮೀಟರ್, ಸಾಮಾನು ಹೊತ್ತ ಗಾಡಿಗೆ ಒಂದೂವರೆ ಗಂಟೆ. ಲಾಡ್ಜಿನ ಬಾಗಿಲಿಗೆ ಬಂದಾಗ 12:30 ಆಗಿರುತ್ತದೆ. ಈಗ ಬೆಳಗಿನ ಕಡೆಯಿಂದ ಹಿಂದಕ್ಕೆ ಎಣಿಸಿ. ಡಿಸೆಂಬರ್ ಕೊನೆಗೆ ಅಲ್ಲಿ ಸೂರ್ಯ ಮೂಡುವುದು ಸುಮಾರು 6:50ಕ್ಕೆ, ಆದರೆ ನಿಮಗೆ ಬೇಕಾದ ಬಣ್ಣ ಅದಕ್ಕೂ ಅರ್ಧ ಗಂಟೆ ಮೊದಲೇ ಆಕಾಶಕ್ಕೆ ಬಂದಿರುತ್ತದೆ; ಹಾಗಾಗಿ ಕ್ಯಾಮೆರಾ 6:15ಕ್ಕೆ ಸಿದ್ಧವಿರಬೇಕು, ಜನ 5:30ಕ್ಕೆ ಹೊಲದಲ್ಲಿರಬೇಕು, ಹುಬ್ಬಳ್ಳಿಯಿಂದ 4ಕ್ಕೆ ಹೊರಡಬೇಕು. ಮುಖ ತೊಳೆದು ಮಲಗಿ, ಮತ್ತೆ ಎದ್ದು ತಯಾರಾಗುವ ಹೊತ್ತನ್ನು ಕಳೆದರೆ ನಿದ್ದೆ ಮೂರು ಗಂಟೆಯೂ ಸಿಗುವುದಿಲ್ಲ. ಕಾಲ್ ಶೀಟಿನಲ್ಲಿ ಮಾತ್ರ 10ರಿಂದ 5:30ರವರೆಗೆ ಏಳೂವರೆ ಗಂಟೆಯ ವಿರಾಮ ಕಾಣಿಸುತ್ತದೆ.

ಯುರೋಪಿನ ಕೆಲಸದ ಅವಧಿಯ ಕಾನೂನು 24 ಗಂಟೆಗಳಲ್ಲಿ ಸತತ 11 ಗಂಟೆಗಳ ವಿರಾಮ ಕೇಳುತ್ತದೆ. ಅಮೆರಿಕದ ನಟರ ಸಂಘದ ಸಾಮಾನ್ಯ ನಿಯಮ 12 ಗಂಟೆ. ನಮ್ಮಲ್ಲಿ ಹೊತ್ತು ಮೀರಿದರೆ ಹೆಚ್ಚಿನ ಬಾಟಾ ಕೊಡುವ ರೂಢಿಯಿದೆ, ಆದರೆ ಬಾಟಾ ಕೊಟ್ಟ ಮಾತ್ರಕ್ಕೆ ನಿದ್ದೆಗೆಟ್ಟ ಡ್ರೈವರನ ಕಣ್ಣು ಮುಚ್ಚದೆ ಇರುವುದಿಲ್ಲ. ನಾನು ಪಾಲಿಸುವ ಲೆಕ್ಕ ಇಷ್ಟೇ: ಕೊನೆಯ ಗಾಡಿ ಲಾಡ್ಜಿಗೆ ಬಂದ ಹೊತ್ತಿನಿಂದ ಮೊದಲ ಗಾಡಿ ಲಾಡ್ಜ್ ಬಿಡುವ ಹೊತ್ತಿನವರೆಗೆ ಕನಿಷ್ಠ 10 ಗಂಟೆ. ಅದರಂತೆ ನೀವು ಹುಬ್ಬಳ್ಳಿಯಿಂದ ಹೊರಡುವುದು 10:30ಕ್ಕೆ, ಲೊಕೇಶನ್ ಕಾಲ್ ಮಧ್ಯಾಹ್ನ 12ಕ್ಕೆ. ಯೂನಿಟ್ಟನ್ನು ಗದಗದಲ್ಲಿ ಉಳಿಸಿದರೆ ದಾರಿ ಹನ್ನೆರಡು ಕಿಲೋಮೀಟರಿನಷ್ಟಕ್ಕೆ ಇಳಿಯುತ್ತದೆ: ರಾತ್ರಿ 11:30ಕ್ಕೆ ಕೋಣೆ, ಬೆಳಿಗ್ಗೆ 9:30ಕ್ಕೆ ಹೊರಟು 10ಕ್ಕೆ ಕಾಲ್. ಲಾಡ್ಜ್ ಬದಲಿಸಿದ್ದರಿಂದಲೇ ಎರಡು ಗಂಟೆಯ ಹಗಲು ಕೈಗೆ ಬಂತು. ಹುಬ್ಬಳ್ಳಿಯಲ್ಲಿ ಕೋಣೆ ಚೆನ್ನಾಗಿವೆ ಎಂದು ಮ್ಯಾನೇಜರು ವಾದಿಸಿದರೆ ಅವರ ಮುಂದೆ ಈ ಲೆಕ್ಕವನ್ನಿಡಿ.

ಎಲ್ಲರಿಗೂ ಒಂದೇ ಹೊತ್ತಿಗೆ ಪ್ಯಾಕಪ್ ಆಗುವುದಿಲ್ಲ ಎಂಬುದನ್ನೂ ಗಮನಿಸಿ. ಕ್ಯಾಮೆರಾ ಸಹಾಯಕನೊಬ್ಬ ಕೋಣೆಗೆ ಹೋದ ಮೇಲೂ ಕುಳಿತು ಕಾರ್ಡುಗಳನ್ನು ಎರಡು ಹಾರ್ಡ್ ಡಿಸ್ಕಿಗೆ ಇಳಿಸಿ, ಕ್ಲಿಪ್ಪುಗಳನ್ನು ತೆರೆದು ನೋಡುತ್ತಾನೆ. ಅವನ ವಿರಾಮ ಶುರುವಾಗುವುದು ಆ ಕೆಲಸ ಮುಗಿದ ಮೇಲೆ. ನಿದ್ದೆಗಣ್ಣಿನಲ್ಲಿ ಅವನು ಇಳಿಸದ ಕಾರ್ಡನ್ನು ಫಾರ್ಮ್ಯಾಟ್ ಮಾಡಿಬಿಟ್ಟರೆ ಇಡೀ ದಿನದ ಶೂಟಿಂಗ್ ಹೋದಂತೆ. ಇತ್ತ ತಿಂಡಿ ಮಾಡುವವರು ಎಲ್ಲರಿಗಿಂತ ಎರಡು ಗಂಟೆ ಮೊದಲು ಏಳುತ್ತಾರೆ. ಇಂಥವರಿಗೆ ಪಾಳಿ ಹಾಕಿ, ಇಲ್ಲವೇ ಅವರ ಕಾಲ್ ಹೊತ್ತನ್ನು ಬೇರೆಯಾಗಿ ಬರೆಯಿರಿ.

ಇನ್ನು ಸೂರ್ಯೋದಯದ ಶಾಟ್. ಹಿಂದಿನ ದಿನ ಸಂಜೆ 5ಕ್ಕೇ ಪ್ಯಾಕಪ್ ಆಗುವಂತೆ ರಾತ್ರಿಯ ದೃಶ್ಯವನ್ನು ಬೇರೆ ದಿನಕ್ಕೆ ಸರಿಸುವುದು ಒಳ್ಳೆಯದು. ಗದಗದಲ್ಲಿದ್ದರೆ 6:30ರ ಹೊತ್ತಿಗೆ ಕೋಣೆ ಸೇರಿ, ಬೆಳಿಗ್ಗೆ 5ಕ್ಕೆ ಹೊರಡುವವರೆಗೆ ಹತ್ತೂವರೆ ಗಂಟೆ ಸಿಗುತ್ತದೆ. ರಾತ್ರಿಯ ದೃಶ್ಯಗಳನ್ನು ರಜೆಯ ಹಿಂದಿನ ದಿನಕ್ಕೆ ಕೂಡಿಸಿ. ಸರಿಸಲಾಗದಿದ್ದರೆ ಐದಾರು ಜನರ ಸಣ್ಣ ತಂಡವನ್ನು ರಾತ್ರಿಯ ಕೆಲಸದಿಂದ ಸಂಜೆಯೇ ಬಿಡಿಸಿ ಬೆಳಿಗ್ಗೆ ಕಳಿಸಬಹುದು. ಅದಕ್ಕೆ ಎರಡನೆಯ ಕ್ಯಾಮೆರಾ ಬೇಕು, ಮತ್ತು ಆ ಶಾಟಿನ ನಟರು ರಾತ್ರಿಯ ದೃಶ್ಯದಲ್ಲಿ ಇರಬಾರದು. ಚೌಕಟ್ಟಿನಲ್ಲಿ ದಿಕ್ಕು ಗುರುತಾಗುವಂಥದ್ದೇನೂ ಇಲ್ಲದಿದ್ದರೆ ಸೂರ್ಯಾಸ್ತವನ್ನೇ ಸೂರ್ಯೋದಯವಾಗಿ ಚಿತ್ರಿಸುವುದೂ ನಡೆಯುತ್ತದೆ, ಆದರೆ ಹೊಲದಲ್ಲಿ ಸಂಜೆಯ ಧೂಳು ಬೆಳಕನ್ನು ಕೆಂಪಾಗಿಸುತ್ತದೆ ಮತ್ತು ಬೆಳಗಿನ ಮಂಜು ಸಿಗುವುದಿಲ್ಲ.

ಯಾವುದನ್ನು ಆರಿಸಿಕೊಂಡರೂ ಡ್ರೈವರುಗಳ ಹೆಸರನ್ನು ಕಾಲ್ ಶೀಟಿನಲ್ಲಿ ಬೇರೆಯಾಗಿ ಬರೆಯಿರಿ. ಅಮೆರಿಕದಲ್ಲಿ 1997ರಲ್ಲಿ ಬ್ರೆಂಟ್ ಹರ್ಷ್‌ಮನ್ ಎಂಬ ಸಹಾಯಕ ಛಾಯಾಗ್ರಾಹಕ 19 ಗಂಟೆ ಶೂಟಿಂಗ್ ಮುಗಿಸಿ ಮನೆಗೆ ಗಾಡಿ ಓಡಿಸುತ್ತಿದ್ದಾಗ ನಿದ್ದೆ ಹತ್ತಿ ಅಪಘಾತದಲ್ಲಿ ತೀರಿಕೊಂಡರು. ನಮ್ಮ ಡ್ರೈವರು ಹಗಲೆಲ್ಲ ಸೀಟಿನಲ್ಲಿ ಒರಗಿ ಕಾದದ್ದನ್ನು ವಿರಾಮವೆಂದು ಎಣಿಸಬೇಡಿ. ಅವನನ್ನು ನೀರಿಗೆ, ಜನರೇಟರಿನ ಡೀಸೆಲ್‌ಗೆ ಎಂದು ನಾಲ್ಕು ಸಲ ಎಬ್ಬಿಸಿರುತ್ತೀರಿ. ರಾತ್ರಿ 12:30ಕ್ಕೆ ಗಾಡಿ ತಂದವನಿಗೆ ಬೆಳಿಗ್ಗೆ 4ಕ್ಕೆ ಕೀಲಿ ಕೊಡಬೇಡಿ, ಆ ಪ್ರಯಾಣಕ್ಕೆ ಇನ್ನೊಬ್ಬ ಡ್ರೈವರನನ್ನು ಗೊತ್ತುಮಾಡಿ.