ಹೊಸಬರಿಗೆ ಒಂದೇ ಗಾಥೆ ಸಾಕು

*ಮಾನ್ಯ ಸಂಪಾದಕರೇ, ಪುಣೆಯ ನಮ್ಮ ಕನ್ನಡ ಬಳಗ ಲೋಣಾವಳದಲ್ಲಿ ಮೂರು ದಿನದ ಧ್ಯಾನ ಶಿಬಿರ ಇಟ್ಟುಕೊಂಡಿದೆ. ಬರುವವರಲ್ಲಿ ಹೆಚ್ಚಿನವರು ಹೊಸಬರು. ದಿನಾ ಬೆಳಿಗ್ಗೆ ಮೆತ್ತಸುತ್ತ, ರತನಸುತ್ತ ಎಂಬ ಪಾಲಿ ಬೌದ್ಧ ಸೂತ್ರಗಳೆರಡನ್ನೂ ಪಠಿಸೋಣ ಎಂದು ಹಿರಿಯರು ಹೇಳುತ್ತಾರೆ. ಯಾವುದನ್ನು ಆರಿಸಲಿ? ಅರ್ಥ ಹೇಗೆ ಹೇಳಲಿ?*
*— ಓದುಗರೊಬ್ಬರು, ಚಿಂಚವಡ*

ಅರ್ಥದ ಬಗ್ಗೆ ಕೇಳಿದಿರಲ್ಲ, ಅದೇ ಸಂತೋಷ. ಮೆತ್ತಸುತ್ತದಲ್ಲಿ 10 ಗಾಥೆ, ಅಂದರೆ ಪದ್ಯ; ರತನಸುತ್ತದಲ್ಲಿ 17. ಎರಡೂ ಚೆಂದವೇ, ಪಾಲಿ ನಾಲಿಗೆಗೆ ಪಳಗಿದವರಿಗೆ ಇರಲಿ. ಹೊಸಬರಾದರೋ ಅಷ್ಟುದ್ದದ ಪಠಣದಲ್ಲಿ ಹಾಳೆಯಿಂದ ಕಣ್ಣೆತ್ತುವುದೇ ಇಲ್ಲ. ಧಮ್ಮಪದದ 183ನೆಯ ಗಾಥೆಯೊಂದನ್ನೇ ಮೂರೂ ದಿನ ಹೇಳಿಸಿ:

ಸಬ್ಬಪಾಪಸ್ಸ ಅಕರಣಂ
ಕುಸಲಸ್ಸ ಉಪಸಂಪದಾ
ಸಚಿತ್ತಪರಿಯೋದಪನಂ
ಏತಂ ಬುದ್ಧಾನ ಸಾಸನಂ

ಯಾವ ಕೆಟ್ಟದ್ದನ್ನೂ ಮಾಡದಿರುವುದು, ಒಳಿತನ್ನು ಕೈಗೂಡಿಸಿಕೊಳ್ಳುವುದು, ತನ್ನ ಚಿತ್ತವನ್ನು ತಿಳಿಯಾಗಿಸುವುದು: ಇದೇ ಬುದ್ಧರ ಉಪದೇಶ. ಬುದ್ಧರು ಎಂದರೆ ಗೌತಮ ಬುದ್ಧನೊಬ್ಬನೇ ಅಲ್ಲ. ಹಿಂದಿನ ಬುದ್ಧರ ಕಾಲದಲ್ಲಿ ಉಪೋಸಥ, ಅಂದರೆ ಭಿಕ್ಷುಗಳು ಸೇರುವ ವ್ರತದ ದಿನ, ಹೇಗಿತ್ತು ಎಂದು ಶಿಷ್ಯ ಆನಂದ ಗೌತಮ ಬುದ್ಧನನ್ನು ಕೇಳಿದನಂತೆ. ಉಪೋಸಥಗಳ ನಡುವಿನ ಕಾಲ ಬೇರೆ ಬೇರೆ ಇತ್ತು, ಹೇಳುತ್ತಿದ್ದ ಗಾಥೆ ಮಾತ್ರ ಇದೇ ಎಂದು ಉತ್ತರ ಬಂತು ಎನ್ನುತ್ತದೆ ಧಮ್ಮಪದದ ಹಳೆಯ ವ್ಯಾಖ್ಯಾನವಾದ ಅಟ್ಠಕಥೆ. ಹೊಸಬರಿಗೆ ಈ ಕತೆ ಹೇಳಿ, ಮನಸ್ಸಿನಲ್ಲಿ ನಿಲ್ಲುತ್ತದೆ.

ಹೇಳಿಸುವಾಗ ನಮ್ಮವರು ತಪ್ಪುವುದು ಮೊದಲ ಸಾಲಿನಲ್ಲೇ. ಸಂಧಿ ಮಾಡುವ ರೂಢಿಯಿಂದ ‘ಪಾಪಸ್ಸಾಕರಣಂ’ ಎಂದುಬಿಡುತ್ತಾರೆ. ಸಾಲಿಗೆ ಒಂಬತ್ತು ಅಕ್ಷರ ಇರಬೇಕಾದಲ್ಲಿ ಎಂಟಾಗಿ, ಅರ್ಧ ಗುಂಪು ಮುಂದೆ ಓಡುತ್ತದೆ. ‘ಸ್ಸ’ ಆದಮೇಲೆ ಚೂರು ತಡೆದು ‘ಅ’ ಎನ್ನಿಸಿ. ಕೊನೆಯ ಸಾಲಿಗೆ ಮಾತ್ರ ಎಂಟೇ ಅಕ್ಷರ, ಅಲ್ಲಿ ಎಳೆಯಬೇಡಿ. ನೀವು ಒಂದು ಸಾಲು, ಅವರು ಒಂದು ಸಾಲು, ಹೀಗೆ ಮೂರು ಸಲ ಆದರೆ ಸಾಕು.

ಮೊದಲ ದಿನ ಒಟ್ಟು ಅರ್ಥವನ್ನಷ್ಟೇ ಹೇಳಿ, ಒಂದನೆಯ ಸಾಲನ್ನು ಪಂಚಶೀಲದ ಜೊತೆ ಕೂಡಿಸಿ. ಎರಡನೆಯ ದಿನ ಎರಡನೆಯ ಸಾಲು: ಕೆಟ್ಟದ್ದು ಬಿಟ್ಟರಷ್ಟೇ ಆಗಲಿಲ್ಲ, ದಾನ, ಮೈತ್ರಿಯಂಥವನ್ನು ಬೆಳೆಸಿಕೊಳ್ಳಬೇಕು. ಮೂರನೆಯ ಸಾಲಿಗೆ ಇಡೀ ಕೊನೆಯ ದಿನ ಕೊಡಿ. ಮನಸ್ಸನ್ನು ಖಾಲಿ ಮಾಡುವುದು ಎಂದು ಹೊಸಬರು ತಿಳಿಯುವುದು ಇಲ್ಲೇ. ಹಾಗೆ ತಿಳಿದವರು ಒಂದು ಯೋಚನೆ ಬಂದರೂ ಸೋತೆವೆಂದು ಎದ್ದುಬಿಡುತ್ತಾರೆ. ಅಟ್ಠಕಥೆ ಹೇಳುವುದು ನೀವರಣಗಳೆಂಬ ಐದು ಅಡ್ಡಿಗಳಿಂದ ಚಿತ್ತವನ್ನು ಬಿಡಿಸುವುದನ್ನು: ಕಾಮನೆ, ದ್ವೇಷ, ಜಡತೆ-ತೂಕಡಿಕೆ, ಚಡಪಡಿಕೆ-ಪಶ್ಚಾತ್ತಾಪ, ಸಂಶಯ. ಊಟದ ನಂತರದ ಕೂರಿಕೆಯಲ್ಲಿ ಕತ್ತು ವಾಲಿದವರನ್ನು ಬೈಯದೆ, ಐದರಲ್ಲಿ ಇದು ಯಾವುದು ಎಂದು ಆಮೇಲೆ ಕೇಳಿ. ಅರ್ಥ ಅಲ್ಲೇ ಕೈಗೆ ಸಿಗುತ್ತದೆ.

ಚಿಕ್ಕದು ಎಂದುಕೊಂಡು ‘ಅನಿಚ್ಚಾ ವತ ಸಙ್ಖಾರಾ’ ಆರಿಸೀರಿ, ಜೋಕೆ. ಬುದ್ಧನ ಪರಿನಿರ್ವಾಣದ ಹೊತ್ತಿಗೆ ದೇವರಾಜ ಶಕ್ರ ನುಡಿದ ಗಾಥೆ ಅದು. ಥೇರವಾದದ ನಾಡುಗಳಲ್ಲಿ ಶವಸಂಸ್ಕಾರದಲ್ಲಿ ಹೇಳುತ್ತಾರೆ. ಮೊದಲ ಬೆಳಿಗ್ಗೆಗೆ ಒಗ್ಗುವುದಿಲ್ಲ.

ನನ್ನ ಸಿಟ್ಟು ಇನ್ನೊಂದರ ಮೇಲಿದೆ. ಧ್ವನಿವರ್ಧಕದಲ್ಲಿ ರೆಕಾರ್ಡ್ ಹಾಕಿ, ಕನ್ನಡಿಗರ ಕೈಗೆ ದೇವನಾಗರಿಯ ಹಾಳೆ ತುರುಕಿ, ಪಠಣ ಮುಗಿಯಿತು ಎನ್ನುವ ಶಿಬಿರಗಳು ಈಗ ಎಲ್ಲೆಲ್ಲೂ. ಅರ್ಥ ಕೇಳಿದವರತ್ತ ಉಳಿದವರು ಹುಬ್ಬೇರಿಸುತ್ತಾರೆ. ನಿಮ್ಮ ಹಿರಿಯರಿಗೆ ಇದನ್ನು ಓದಿ ಹೇಳಿ. ನಾಲ್ಕು ಸಾಲನ್ನು ಕನ್ನಡ ಲಿಪಿಯಲ್ಲಿ ದಪ್ಪಕ್ಷರದಲ್ಲಿ ಬರೆದು, ಪ್ರತಿ ಸಾಲಿನ ಕೆಳಗೇ ಅದರ ಅರ್ಥ ಬರೆಸಿ.